ವಿಡಿಯೋ ಕೆಳಗಿನ ಆ ನಾಲ್ಕು ಸಾಲು

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ಕ್ಲಾಸು. ಒಂಟಾರಿಯೋದಲ್ಲಿ, ಟೊರೊಂಟೊ ಪಕ್ಕದ ಊರಲ್ಲಿ ಇರುತ್ತೇವೆ. ಶನಿವಾರ ಬೆಳಿಗ್ಗೆ ಕನ್ನಡ ಶಾಲೆಗೆ ಬರುತ್ತೇನೆ. ಈ ಸಲ ಒಂದು ಜಗಳದ ವಿಷಯ ಬರೆಯೋಣ ಅಂತ ಇದ್ದೇನೆ. ಜಗಳ ಬೇರೆ ಯಾರ ಜೊತೆಗೂ ಅಲ್ಲ, ಹೋದ ವರ್ಷದ ನನ್ನ ಜೊತೆಗೇ.

ಫೆಬ್ರವರಿ 28 ಭಾರತದಲ್ಲಿ ರಾಷ್ಟ್ರೀಯ ವಿಜ್ಞಾನ ದಿನ ಅಂತ ನಿಮಗೆ ಗೊತ್ತಿರಬಹುದು. 1928ರಲ್ಲಿ ಆ ದಿನ ಸಿ.ವಿ. ರಾಮನ್ ಅವರು ರಾಮನ್ ಪರಿಣಾಮವನ್ನು ಕಂಡುಹಿಡಿದರು. ಆ ನೆಪದಲ್ಲಿ ನಮ್ಮ ಕನ್ನಡ ಶಾಲೆಯಲ್ಲಿ ಎಲ್ಲರೂ ಒಂದೊಂದು ವಿಜ್ಞಾನ ಪ್ರಾಜೆಕ್ಟ್ ಮಾಡಿ, ಐದು ನಿಮಿಷದೊಳಗೆ ಕನ್ನಡದಲ್ಲಿ ವಿವರಿಸಿ, ಯೂಟ್ಯೂಬ್‌ನಲ್ಲಿ ಹಾಕಬೇಕಿತ್ತು. ಮುಖ ತೋರಿಸುವ ಹಾಗಿಲ್ಲ, ಕೈ ಮತ್ತು ಧ್ವನಿ ಮಾತ್ರ ಸಾಕು ಅಂತ ನಿಯಮ. ನಾನು ಆರಿಸಿಕೊಂಡ ಪ್ರಶ್ನೆ ನಮ್ಮೆಲ್ಲರ ಮನೆಯದ್ದು: ಚಳಿಗಾಲದಲ್ಲಿ ಇಲ್ಲಿ ಮೊಸರು ಯಾಕೆ ಸರಿಯಾಗಿ ಆಗುವುದಿಲ್ಲ?

ಪ್ರಯೋಗಕ್ಕೆ ಎರಡು ದಿನ ಕೊಟ್ಟೆ. ಶೂಟಿಂಗು, ಎಡಿಟಿಂಗಿಗೆ ಒಂದು ವಾರ ಕೊಟ್ಟೆ. ವಿಡಿಯೋ ಕೆಳಗೆ ಬರೆಯುವ ವಿವರಣೆಗೆ, ಅಂದರೆ ಡಿಸ್ಕ್ರಿಪ್ಶನ್‌ಗೆ, ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಅರ್ಧ ನಿಮಿಷ ಕೊಟ್ಟೆ. ನನ್ನ ಅಭಿಪ್ರಾಯ ಇಷ್ಟೇ: ಆ ಲೆಕ್ಕ ತಪ್ಪು. ವಿವರಣೆ ಅನ್ನುವುದು ಪ್ರಾಜೆಕ್ಟ್ ಮುಗಿದ ಮೇಲೆ ಅಂಟಿಸುವ ಚೀಟಿ ಅಲ್ಲ. ಅದು ಪ್ರಾಜೆಕ್ಟಿನ ಭಾಗ. ಅದನ್ನು ವಿಡಿಯೋ ಜೊತೆಗೇ ನೋಡಬೇಕು, ಅದಕ್ಕೂ ಅಂಕ ಕೊಡಬೇಕು. ಯಾಕೆ ಅಂತ ನಡೆದದ್ದನ್ನು ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ಮೊದಲು ಪ್ರಯೋಗ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗೋದಿಲ್ಲ. 3.25% ಕೊಬ್ಬಿನ ಹಾಲನ್ನು ಕಾಯಿಸಿ, 40 ಡಿಗ್ರಿ ಸೆಲ್ಸಿಯಸ್‌ಗೆ ಆರಿಸಿ, ಮೂರು ಸ್ಟೀಲ್ ಬಟ್ಟಲಿಗೆ 250 ಮಿಲಿಲೀಟರ್‌ನಂತೆ ಹಾಕಿದೆ. ಪ್ರತಿ ಬಟ್ಟಲಿಗೂ ಒಂದು ಟೀ ಚಮಚ ಹೆಪ್ಪು. ಒಂದು ಬಟ್ಟಲು ಫ್ರಿಜ್ಜಿನಲ್ಲಿ, 4 ಡಿಗ್ರಿ. ಇನ್ನೊಂದು ಅಡುಗೆಮನೆ ಕಟ್ಟೆ ಮೇಲೆ, 19 ಡಿಗ್ರಿ. ಮೂರನೆಯದು ಅವನ್ ಒಳಗೆ; ಅವನ್ ಹಚ್ಚಿಲ್ಲ, ಅದರ ಲೈಟ್ ಮಾತ್ರ ಹಾಕಿದ್ದು, ಅಷ್ಟಕ್ಕೇ ಒಳಗೆ 36ರಿಂದ 39 ಡಿಗ್ರಿ ಬರುತ್ತಿತ್ತು. ಆಗಾಗ ಪಿಎಚ್ ಪಟ್ಟಿ ಅದ್ದಿ ಹುಳಿ ಎಷ್ಟಾಗಿದೆ ಅಂತ ನೋಡಿದೆ. ಹಾಲಿನ ಪಿಎಚ್ ಸುಮಾರು 6.6 ಇರುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡಿದ ಹಾಗೆಲ್ಲ ಪಿಎಚ್ ಇಳಿಯುತ್ತದೆ. ಅದು 4.6ರ ಹತ್ತಿರ ಬಂದಾಗ ಹಾಲಿನ ಕೇಸೀನ್ ಅನ್ನುವ ಪ್ರೋಟೀನ್ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ಅದೇ ಮೊಸರು.

ಏಳು ಗಂಟೆ ಆದ ಮೇಲೆ ಅವನ್ ಬಟ್ಟಲು ಗಟ್ಟಿ ಮೊಸರು, ಪಟ್ಟಿ 4.5 ತೋರಿಸಿತು. ಕಟ್ಟೆ ಮೇಲಿನದು ಇನ್ನೂ ಹಾಲು, 6. ಅದು 24 ಗಂಟೆಗೆ ತೆಳ್ಳಗೆ, ಅಲ್ಲಾಡಿಸಿದರೆ ಒಡೆಯುವ ಹಾಗೆ ಆಯಿತು, 5. ಫ್ರಿಜ್ಜಿನದು 24 ಗಂಟೆ ಆದರೂ ಹಾಲೇ, 6.5. ಕೊನೆಗೆ ಆ ಫ್ರಿಜ್ಜಿನ ಬಟ್ಟಲನ್ನು ಸುಮ್ಮನೆ ಚೆಲ್ಲಬಾರದು ಅಂತ ಅಮ್ಮ ಅವನ್ ಒಳಗೆ ಇಟ್ಟರು. ಒಂಬತ್ತು ಗಂಟೆಯಲ್ಲಿ ಅದೂ ಗಟ್ಟಿ ಮೊಸರಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಮರ್ಯಾದೆ ಹೋಗಿದ್ದು ಇಲ್ಲೇ.

ಈಗ ವಿವರಣೆಗೆ ಬರೋಣ. ವಿಡಿಯೋಗೆ ನಾನು ಕೊಟ್ಟ ಹೆಸರು science project final 2. ಕೆಳಗೆ ಬರೆದದ್ದು ಎರಡು ಸಾಲು: "ಇದು ನನ್ನ ಸೈನ್ಸ್ ಪ್ರಾಜೆಕ್ಟ್. ಚಳಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದಕ್ಕೇ ಮೊಸರಾಗುವುದಿಲ್ಲ, ಕೊನೆವರೆಗೂ ನೋಡಿ!"

ಒಂದು ವಾರ ಬಿಟ್ಟು ಟೀಚರ್ ಹೇಳಿದರು, "ನಿನ್ನ ವಿಡಿಯೋ ಸಿಗಲೇ ಇಲ್ಲಮ್ಮ." ಅವರು ಮೊಸರು, ಹೆಪ್ಪು ಅಂತ ಹುಡುಕಿದ್ದರು. ಊರಿಂದ ಅಜ್ಜಿ ಫೋನ್ ಮಾಡಿ, "ಏನೇ ಪುಟ್ಟಿ, ಫೋನಲ್ಲಿ ಹೆಪ್ಪು ಹಾಕೋದು ಅಂತ ಬಾಯಲ್ಲಿ ಹೇಳಿದ್ರೆ ಬೇರೆ ಯಾರ್ಯಾರ್ದೋ ಬರುತ್ತೆ, ನಿಂದು ಬರೋದಿಲ್ವಲ್ಲೇ" ಅಂದರು. ವಿಡಿಯೋದಲ್ಲಿ ನಾನು ಹತ್ತಾರು ಸಲ ಹೆಪ್ಪು ಅಂದಿದ್ದೇನೆ. ಆದರೆ ಎಲ್ಲೂ ಬರೆದಿರಲಿಲ್ಲ. ಬಾಯಲ್ಲಿ ಕನ್ನಡದಲ್ಲಿ ಹೇಳಿದ್ದನ್ನು ಯಂತ್ರ ಕೇಳಿಸಿಕೊಂಡು ಹುಡುಕಿಕೊಡುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಬರೆದದ್ದು ಸಿಗುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಲಿಂಕ್ ಕಳಿಸಿದ ಮೇಲೆ ಏಳನೇ ಕ್ಲಾಸಿನ ಒಬ್ಬ ಹುಡುಗ ತನ್ನ ಸ್ಕೂಲಿನ ಪೋಸ್ಟರಿಗೆ ನನ್ನ ವಿಡಿಯೋದಿಂದ ಒಂದು ವಾಕ್ಯ ತೆಗೆದುಕೊಂಡ. ಯಾವುದು ಗೊತ್ತಾ? "ಚಳಿಗೆ ಬ್ಯಾಕ್ಟೀರಿಯಾ ಸಾಯುತ್ತದೆ." ಅವರ ಸೈನ್ಸ್ ಟೀಚರ್ "ಹಾಗಾದರೆ ಫ್ರಿಜ್ಜಿನಿಂದ ತೆಗೆದ ಹೆಪ್ಪಿನಲ್ಲಿ ಮೊಸರು ಹೇಗಾಗುತ್ತದೆ?" ಅಂತ ಕೇಳಿದರಂತೆ. ಅವನಿಗೆ ಉತ್ತರ ಇಲ್ಲ. ನನ್ನ ಫ್ರಿಜ್ಜಿನ ಬಟ್ಟಲೇ ಅದಕ್ಕೆ ಉತ್ತರ! ಬ್ಯಾಕ್ಟೀರಿಯಾ ಸತ್ತಿದ್ದರೆ ಅವನ್ ಒಳಗೆ ಇಟ್ಟ ಮೇಲೆ ಅದು ಮೊಸರಾಗುತ್ತಿರಲಿಲ್ಲ. ಚಳಿಯಲ್ಲಿ ಅವು ಸಾಯುವುದಿಲ್ಲ, ಕೆಲಸ ತುಂಬಾ ನಿಧಾನ ಮಾಡುತ್ತವೆ, ಅಷ್ಟೇ. ಸಾಯುವುದು ಹಾಲು ತುಂಬಾ ಬಿಸಿ ಇರುವಾಗ ಹೆಪ್ಪು ಹಾಕಿದರೆ. ಇದನ್ನು ವಿಡಿಯೋದ ನಾಲ್ಕನೇ ನಿಮಿಷದಲ್ಲಿ ನಾನೇ ಸರಿಯಾಗಿ ಹೇಳಿದ್ದೆ. ಆದರೆ ಅವನು ನಾಲ್ಕನೇ ನಿಮಿಷದವರೆಗೆ ನೋಡಿರಲಿಲ್ಲ. ವಿವರಣೆ ಓದಿ, ಅರ್ಧ ನಿಮಿಷ ನೋಡಿ, ಮುಚ್ಚಿದ್ದ.

ಅವನನ್ನು ಬೈಯಬೇಡಿ. ನೀವೂ ಹಾಗೇ ಮಾಡುತ್ತೀರಿ, ನಾನೂ ಹಾಗೇ ಮಾಡುತ್ತೇನೆ. ಪಟ್ಟಿಯಲ್ಲಿ 34 ವಿಡಿಯೋ ಇದ್ದಾಗ ಯಾರೂ ಎಲ್ಲವನ್ನೂ ಪೂರ್ತಿ ನೋಡುವುದಿಲ್ಲ. ಮೊದಲು ಕೆಳಗಿನ ಸಾಲು ಓದಿ, ಇದು ಬೇಕಾ ಬೇಡವಾ ಅಂತ ನೋಡುತ್ತಾರೆ. ಎಷ್ಟೋ ಜನರಿಗೆ ನಿಮ್ಮ ಪ್ರಾಜೆಕ್ಟ್ ಅಂದರೆ ಆ ಸಾಲುಗಳೇ. ಅಲ್ಲಿ ತಪ್ಪಿದ್ದರೆ ವಿಡಿಯೋದೊಳಗಿನ ಸರಿ ಯಾರಿಗೂ ತಲುಪುವುದಿಲ್ಲ.

ಆಮೇಲೆ ನಾನು ಎಲ್ಲವನ್ನೂ ಮತ್ತೆ ಬರೆದೆ. ಒಂದೇ ಸಲಕ್ಕೆ ಆಗಲಿಲ್ಲ, ನಾಲ್ಕು ಸಲ ತಿದ್ದಿದೆ. ಎಲ್ಲೆಲ್ಲಿ ಎಡವಿದೆ ಅಂತ ಹೇಳಿದರೆ ನಿಮಗೆ ಆ ಮೂರು ಸಲ ಉಳಿಯುತ್ತದೆ.

ಮೊದಲನೆಯದು ವಿವರಣೆಗೇ ಸಂಬಂಧವಿಲ್ಲದ್ದು. ನನ್ನ ವಿಡಿಯೋ ಅನ್‌ಲಿಸ್ಟೆಡ್ ಅಂತ ಇತ್ತು. ಅನ್‌ಲಿಸ್ಟೆಡ್ ಅಂದರೆ ಲಿಂಕ್ ಇದ್ದವರು ನೋಡಬಹುದು, ಹುಡುಕಿದರೆ ಮಾತ್ರ ಬರುವುದಿಲ್ಲ. ಪ್ರೈವೇಟ್ ಅಂದರೆ ನಾವು ಕರೆದವರಿಗೆ ಮಾತ್ರ. ಪಬ್ಲಿಕ್ ಇದ್ದರೆ ಮಾತ್ರ ಹುಡುಕಿದಾಗ ಸಿಗುತ್ತದೆ. ಅನ್‌ಲಿಸ್ಟೆಡ್ ವಿಡಿಯೋಗೆ ಎಷ್ಟು ಚೆನ್ನಾಗಿ ವಿವರಣೆ ಬರೆದರೂ ಅಜ್ಜಿಯ ಫೋನಲ್ಲಿ ಅದು ಬರೋದಿಲ್ಲ. ಹಾಗಂತ ಎಲ್ಲರೂ ಪಬ್ಲಿಕ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಅಪ್ಪ ಅಮ್ಮನ ಜೊತೆ ಕೂತು ತೀರ್ಮಾನ ಮಾಡಿ. ಅನ್‌ಲಿಸ್ಟೆಡ್ ಆಗಿಯೇ ಇಡುವುದಾದರೆ ಅದೇ ವಿವರಣೆಯನ್ನು ಲಿಂಕ್ ಜೊತೆ ಕ್ಲಾಸಿನ ಪಟ್ಟಿಯಲ್ಲಿ ಹಾಕಿ. ಆಗ ಪಟ್ಟಿಯೊಳಗೆ ಹುಡುಕಿದವರಿಗೆ ಸಿಗುತ್ತದೆ. ನಮ್ಮ ಮನೆಯಲ್ಲಿ ಮುಖವೂ ಹೆಸರೂ ಇಲ್ಲ ಅನ್ನುವುದನ್ನು ನೋಡಿಕೊಂಡು ಪಬ್ಲಿಕ್ ಮಾಡಿದೆವು. ವಿವರಣೆಯಲ್ಲೂ ನನ್ನ ಪೂರ್ತಿ ಹೆಸರು, ಸ್ಕೂಲಿನ ಹೆಸರು, ಮನೆ ಇರುವ ಬೀದಿ ಯಾವುದೂ ಇಲ್ಲ. "ಶನಿವಾರದ ಕನ್ನಡ ಶಾಲೆ, 8ನೇ ತರಗತಿ" ಅಂದರೆ ನಮ್ಮ ಟೀಚರಿಗೆ ಸಾಕು.

ಎರಡನೆಯದು ಪದಗಳು. ನನ್ನ ವಿಡಿಯೋ ಬೇಕಾದರೆ ಏನು ಟೈಪ್ ಮಾಡುತ್ತೀರಿ ಅಂತ ಐದು ಜನರನ್ನು ಕೇಳಿದೆ. ಟೀಚರ್ "ಮೊಸರು ಹೆಪ್ಪು" ಅಂದರು. ಅಜ್ಜಿ "ಹೆಪ್ಪು ಹಾಕೋದು" ಅಂತ ಬಾಯಲ್ಲಿ ಹೇಳುತ್ತಾರೆ. ಅಪ್ಪನಿಗೆ ಕನ್ನಡ ಕೀಬೋರ್ಡ್ ಇಲ್ಲ, mosaru ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ನನ್ನ ಗೆಳತಿ curd not setting in winter ಅಂದಳು. ಇಲ್ಲಿನ ಸೈನ್ಸ್ ಟೀಚರ್‌ಗೆ ಅದು yogurt. ಐದು ಜನ, ಐದು ದಾರಿ. ಇವರಲ್ಲಿ ಒಬ್ಬರೂ science project final 2 ಅಂತ ಹುಡುಕುವುದಿಲ್ಲ.

ಸರಿ ಅಂತ ನಾನು ಮಾಡಿದ್ದೇನು? ವಿವರಣೆಯ ಕೊನೆಗೆ ನಲವತ್ತು ಪದ ಸುರಿದೆ. ಮೊಸರು, ಹಾಲು, ಮಜ್ಜಿಗೆ, ಲಸ್ಸಿ, ಪನೀರ್, ವಿಜ್ಞಾನ, ಕನ್ನಡ, ಅಡುಗೆ... ಅಕ್ಕ ನೋಡಿ, "ಇದು ವಿವರಣೆಯಾ, ದಿನಸಿ ಚೀಟಿಯಾ?" ಅಂದಳು. ಹೀಗೆ ವಿವರಣೆಯಲ್ಲಿ ಪದಗಳ ರಾಶಿ ಹಾಕುವುದು ಯೂಟ್ಯೂಬ್ ನಿಯಮಕ್ಕೂ ವಿರುದ್ಧ, ವಿಡಿಯೋ ತೆಗೆದುಹಾಕಲೂಬಹುದು. ಅದಕ್ಕಿಂತ ಹೆಚ್ಚಾಗಿ ಅದು ಸುಳ್ಳು. ಲಸ್ಸಿ ಹುಡುಕಿ ಬಂದವರಿಗೆ ನನ್ನ ವಿಡಿಯೋದಲ್ಲಿ ಲಸ್ಸಿ ಇಲ್ಲ. ಹ್ಯಾಶ್‌ಟ್ಯಾಗ್ ಕೂಡ ಹಾಗೇ. ಅರವತ್ತಕ್ಕಿಂತ ಹೆಚ್ಚು ಹಾಕಿದರೆ ಯೂಟ್ಯೂಬ್ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ಮೂರು ಸಾಕು. ಬೇರೆ ಬೇರೆ ಹೆಸರುಗಳನ್ನು ಒಂದು ವಾಕ್ಯದೊಳಗೆ ಸಹಜವಾಗಿ ತರಬಹುದು, ಮುಂದೆ ತೋರಿಸುತ್ತೇನೆ.

ಇದರಲ್ಲೇ ಕನ್ನಡದ್ದೇ ಆದ ಒಂದು ಕಷ್ಟ ಇದೆ. ಎರಡನೇ ಸಲ ನಾನು "ಹಾಲು ಮೊಸರಾಗಲಿಲ್ಲ ಯಾಕೆ?" ಅಂತ ಚಂದದ ಹೆಸರು ಕೊಟ್ಟೆ. ಕೆಳಗೆ "ಮೊಸರಿನ ಪ್ರಯೋಗ", "ಮೊಸರಿಗೆ ಬೇಕಾದ ಶಾಖ" ಅಂತೆಲ್ಲ ಬರೆದೆ. ಆಮೇಲೆ ಕ್ಲಾಸಿನ ಪಟ್ಟಿಯಲ್ಲಿ "ಮೊಸರು" ಅಂತ ಹುಡುಕಿದರೆ ನನ್ನದು ಬರಲೇ ಇಲ್ಲ! ನೋಡಿದರೆ, ಇಡೀ ವಿವರಣೆಯಲ್ಲಿ ಮೊಸರು ಅನ್ನುವ ಪದವೇ ಇಲ್ಲ. ಮೊಸರಿನ ಇದೆ, ಮೊಸರಿಗೆ ಇದೆ, ಮೊಸರಾಗಲಿಲ್ಲ ಇದೆ. ವಿಭಕ್ತಿ ಸೇರಿದಾಗ, ಸಂಧಿ ಆದಾಗ ಕೊನೆಯ "ರು" ಹೋಗಿ "ರಿ" ಅಥವಾ "ರಾ" ಆಗುತ್ತದೆ. ಓದುವ ನಮಗೆ ಅದು ಒಂದೇ ಪದ. ಅಕ್ಷರಕ್ಕೆ ಅಕ್ಷರ ಹೋಲಿಸುವ ಹುಡುಕಾಟಕ್ಕೆ ಅದು ಬೇರೆ ಪದ. ವ್ಯಾಕರಣ ಕ್ಲಾಸಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡುವಾಗ ಇದರಿಂದ ಏನು ಉಪಯೋಗ ಅಂತ ಕೇಳಿದ್ದೆ. ಉಪಯೋಗ ಸಿಕ್ಕಿತು! ಅದಕ್ಕೇ ಮುಖ್ಯ ಪದವನ್ನು ಒಂದು ಸಲವಾದರೂ ಪ್ರತ್ಯಯ ಇಲ್ಲದೆ, ಸಂಧಿ ಮಾಡದೆ ಬರೆಯಿರಿ: ಮೊಸರು, ಹೆಪ್ಪು, ಹಾಲು.

ಮೂರನೆಯದು ಮೊದಲ ಎರಡು ಸಾಲು. ಫೋನಿನಲ್ಲಿ ವಿವರಣೆ ಪೂರ್ತಿ ಕಾಣುವುದಿಲ್ಲ, ಶುರುವಿನ ಸ್ವಲ್ಪ ಮಾತ್ರ ಕಾಣುತ್ತದೆ. ಉಳಿದದ್ದನ್ನು ಓದಲು ಒತ್ತಬೇಕು. ನಮ್ಮ ಪಟ್ಟಿಯ ವಿಡಿಯೋಗಳನ್ನು ತೆಗೆದು ನೋಡಿದೆ. ಹೆಚ್ಚಿನವು "ಎಲ್ಲರಿಗೂ ನಮಸ್ಕಾರ, ನನ್ನ ಹೆಸರು..." ಅಂತ ಶುರುವಾಗುತ್ತವೆ. ನಮಸ್ಕಾರ ಒಳ್ಳೆಯದೇ, ಈ ಲೇಖನವನ್ನೂ ಹಾಗೇ ಶುರು ಮಾಡಿದ್ದೇನೆ. ಆದರೆ ವಿಡಿಯೋ ಕೆಳಗೆ ಕಾಣುವ ಜಾಗವೇ ಎರಡು ಸಾಲು. ಅದನ್ನು ನಮಸ್ಕಾರಕ್ಕೆ ಕೊಟ್ಟರೆ ಪ್ರಶ್ನೆ ಎಲ್ಲಿ, ಉತ್ತರ ಎಲ್ಲಿ? ಮೊದಲ ವಾಕ್ಯದಲ್ಲಿ ಪ್ರಶ್ನೆ, ಎರಡನೇ ವಾಕ್ಯದಲ್ಲಿ ಉತ್ತರ. ನಮಸ್ಕಾರ ವಿಡಿಯೋದೊಳಗೆ ಹೇಳಿ.

ಉತ್ತರ ಮೊದಲೇ ಹೇಳಿದರೆ ಯಾರು ನೋಡುತ್ತಾರೆ ಅಂತ ನನ್ನ ಗೆಳತಿ ವಾದ ಮಾಡಿದಳು. ಕಥೆ, ಸಿನಿಮಾ ಆದರೆ ಅವಳು ಹೇಳಿದ್ದು ಸರಿ. ವಿಜ್ಞಾನದಲ್ಲಿ ಹಾಗಲ್ಲ. ದೊಡ್ಡ ವಿಜ್ಞಾನಿಗಳ ಲೇಖನಗಳೂ ಒಂದು ಸಾರಾಂಶದಿಂದ ಶುರುವಾಗುತ್ತವೆ, ಅದರಲ್ಲಿ ಫಲಿತಾಂಶ ಇರುತ್ತದೆ. ಫಲಿತಾಂಶ ಓದಿದ ಮೇಲೆ "ಹೌದಾ? ಹೇಗೆ ಗೊತ್ತಾಯಿತು?" ಅಂತ ಅನ್ನಿಸಿದವರು ಒಳಗೆ ಬರುತ್ತಾರೆ. "ಕೊನೆವರೆಗೂ ನೋಡಿ" ಅಂದಾಗ ಬಂದವರು ಮುಂದಕ್ಕೆ ಓಡಿಸಿಕೊಂಡು ಹೋಗುತ್ತಾರೆ. ನನಗೆ ಮೊದಲಿನವರು ಬೇಕು.

ನಾಲ್ಕನೆಯದು ಸಮಯದ ಗುರುತು. ಟೀಚರಿಗೆ ಅಳತೆ ಮಾಡಿದ ಭಾಗ ಬೇಕು, ಅಜ್ಜಿಗೆ ಕೊನೆಯ ಮೊಸರು ಬೇಕು, ಏಳನೇ ಕ್ಲಾಸಿನ ಹುಡುಗನಿಗೆ ಪಿಎಚ್ ಪಟ್ಟಿ ಓದುವುದು ಹೇಗೆ ಅಂತ ಬೇಕು. ವಿವರಣೆಯಲ್ಲಿ ಸಮಯ ಬರೆದು ಪಕ್ಕದಲ್ಲಿ ಹೆಸರು ಕೊಟ್ಟರೆ ಯೂಟ್ಯೂಬ್ ವಿಡಿಯೋವನ್ನು ಅಧ್ಯಾಯಗಳಾಗಿ ಭಾಗ ಮಾಡುತ್ತದೆ. ನಾನು ಬರೆದಾಗ ಆಗಲಿಲ್ಲ. ಯಾಕೆ ಅಂದರೆ ನನ್ನ ಮೊದಲ ಗುರುತು 0:12 ಇತ್ತು. ಮೊದಲನೆಯದು 0:00 ಆಗಿರಲೇಬೇಕು. ಒಟ್ಟು ಕನಿಷ್ಠ ಮೂರು ಗುರುತು ಇರಬೇಕು, ಸಮಯ ಏರುತ್ತಾ ಹೋಗಬೇಕು, ಒಂದೊಂದು ಭಾಗ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಸಮಯವನ್ನು 0:35 ಅಂತಲೇ ಬರೆಯಿರಿ. ಹೆಸರು ಕೊಡುವಾಗ "ಭಾಗ 1, ಭಾಗ 2" ಅಂತ ಕೊಡಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನು ಎರಡು ಚಿಕ್ಕ ಗುಂಡಿ ಇವೆ, ಬೇಗ ಹೇಳಿಬಿಡುತ್ತೇನೆ. ನಾನು pH < 5 ಅಂತ ಬರೆದಾಗ ಯೂಟ್ಯೂಬ್ ಉಳಿಸಲು ಬಿಡಲಿಲ್ಲ. ಆ ಕೊಕ್ಕೆ ಚಿಹ್ನೆಗಳು, < ಮತ್ತು >, ವಿವರಣೆಯಲ್ಲಿ ನಡೆಯುವುದಿಲ್ಲ. "5ಕ್ಕಿಂತ ಕಡಿಮೆ" ಅಂತ ಕನ್ನಡದಲ್ಲಿ ಬರೆದರೆ ಆಯಿತು. ಇನ್ನೊಂದು, ನಮ್ಮ ಮನೆಯ ಹಿರಿಯರೊಬ್ಬರು ತಮ್ಮ ಹಳೇ ಕಂಪ್ಯೂಟರಿನಲ್ಲಿ ಪ್ರೀತಿಯಿಂದ ಟೈಪ್ ಮಾಡಿಕೊಟ್ಟರು. ಅವರ ಪರದೆಯಲ್ಲಿ ಚೆನ್ನಾಗಿ ಕನ್ನಡ ಕಾಣುತ್ತಿತ್ತು. ಅಂಟಿಸಿದರೆ ಕನ್ನಡ ಅನ್ನುವ ಕಡೆ PÀ£ÀßqÀ ಅಂತ ಬಂತು! ಅದು ಹಳೇ ಕಾಲದ ಫಾಂಟಿನ ಬರಹ, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವೇ ಅಲ್ಲ, ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಹೀಗೆ ಕಂಡರೆ ಯೂನಿಕೋಡ್‌ಗೆ ಪರಿವರ್ತನೆ ಮಾಡಿ, ಇಲ್ಲವೇ ಫೋನಿನ ಕನ್ನಡ ಕೀಬೋರ್ಡಿನಲ್ಲಿ ಮತ್ತೆ ಟೈಪ್ ಮಾಡಿ.

ಎಲ್ಲ ತಿದ್ದಿದ ಮೇಲೆ ಉಳಿದದ್ದು ಇದು. ವಿಡಿಯೋ ಹೆಸರು: "ಚಳಿಗಾಲದಲ್ಲಿ ಮೊಸರು ಯಾಕೆ ಆಗುವುದಿಲ್ಲ? ಹೆಪ್ಪು ಮತ್ತು ಶಾಖದ ಪ್ರಯೋಗ". ಹೆಸರಿಗೆ ನೂರು ಅಕ್ಷರದ ಮಿತಿ ಇದೆ, ಇದು ಅದರೊಳಗೇ ಇದೆ. ಕೆಳಗಿನ ವಿವರಣೆ:

```
ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿದರೂ ಮೊಸರು ಯಾಕೆ ಆಗುವುದಿಲ್ಲ?
ಚಳಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿಧಾನವಾಗುತ್ತದೆ: 36-39
ಡಿಗ್ರಿಯಲ್ಲಿ 7 ಗಂಟೆಗೆ ಆದ ಮೊಸರು 19 ಡಿಗ್ರಿಯಲ್ಲಿ 24 ಗಂಟೆಗೂ
ತೆಳ್ಳಗೇ ಇತ್ತು.

ಒಂದೇ ಹಾಲು, ಒಂದೇ ಹೆಪ್ಪು, ಮೂರು ಜಾಗ: ಫ್ರಿಜ್ (4), ಅಡುಗೆ ಕಟ್ಟೆ
(19), ಲೈಟ್ ಹಾಕಿದ ಅವನ್ (36-39). ಪಿಎಚ್ ಪಟ್ಟಿಯಲ್ಲಿ ಅಳೆದಿದ್ದೇನೆ.
ಮೊಸರು (mosaru) ಅನ್ನು ಇಂಗ್ಲಿಷಿನಲ್ಲಿ curd ಅಥವಾ yogurt
ಅನ್ನುತ್ತಾರೆ; curd not setting in winter ಎಂದು ಹುಡುಕುವವರಿಗೂ
ಇದೇ ಉತ್ತರ.

0:00 ಪ್ರಶ್ನೆ: ಮೊಸರು ಯಾಕೆ ಆಗಲಿಲ್ಲ
0:35 ಮೂರು ಬಟ್ಟಲು, ಮೂರು ಜಾಗ
1:40 ಪಿಎಚ್ ಪಟ್ಟಿ ಓದುವುದು ಹೇಗೆ
2:50 7 ಗಂಟೆ ಮತ್ತು 24 ಗಂಟೆಯ ಫಲಿತಾಂಶ
3:50 ಫ್ರಿಜ್ಜಿನ ಹಾಲು ಅವನ್‌ನಲ್ಲಿ ಇಟ್ಟಾಗ

ಮಿತಿ: ಪ್ರತಿ ಜಾಗಕ್ಕೆ ಒಂದೇ ಬಟ್ಟಲು. ಪಟ್ಟಿ ಅರ್ಧ ಅಂಕಿಯಷ್ಟೇ
ತೋರಿಸುತ್ತದೆ. ಅವನ್ ಶಾಖ 3 ಡಿಗ್ರಿ ಏರಿಳಿಯಿತು.
ಶನಿವಾರದ ಕನ್ನಡ ಶಾಲೆ, 8ನೇ ತರಗತಿ ವಿಜ್ಞಾನ ಪ್ರಾಜೆಕ್ಟ್.
```

ಇದರಲ್ಲಿ "ಮಿತಿ" ಅನ್ನುವ ಸಾಲು ಯಾಕೆ ಅಂತ ಅಪ್ಪ ಕೇಳಿದರು. "ನಿನ್ನ ತಪ್ಪನ್ನು ನೀನೇ ಯಾಕೆ ಜಾಹೀರಾತು ಮಾಡ್ತೀಯ?" ಅಂದರು. ನನಗೆ ಅನ್ನಿಸುವುದು, ಪೋಸ್ಟರಿಗೆ ಒಂದು ವಾಕ್ಯ ತೆಗೆದುಕೊಳ್ಳಲು ಬರುವ ಹುಡುಗನಿಗೆ ಅತಿ ಮುಖ್ಯವಾದ ಸಾಲು ಅದೇ. ಪಟ್ಟಿ 4.5 ಅಂದಾಗ ನಿಜವಾಗಿ 4.3 ಇರಬಹುದು, 4.7 ಇರಬಹುದು. ಒಂದೇ ಬಟ್ಟಲು ಇದ್ದದ್ದರಿಂದ ಒಂದು ಚಮಚ ಹೆಪ್ಪು ಸ್ವಲ್ಪ ಹೆಚ್ಚು ಕಡಿಮೆ ಆಗಿದ್ದರೂ ನನಗೆ ಗೊತ್ತಾಗುವುದಿಲ್ಲ. ಇದು ಬರೆದಿದ್ದರೆ ಅವನು ಮೂರು ಮೂರು ಬಟ್ಟಲು ಇಟ್ಟು ನನಗಿಂತ ಚೆನ್ನಾಗಿ ಮಾಡಬಹುದು. ಬರೆಯದಿದ್ದರೆ ನನ್ನ ತಪ್ಪನ್ನೇ ಮತ್ತೆ ಮಾಡುತ್ತಾನೆ.

ಕೆಲವರು ಇನ್ನೊಂದು ಮಾತು ಹೇಳುತ್ತಾರೆ: ವಿಡಿಯೋ ಕನ್ನಡದಲ್ಲಿದ್ದರೂ ವಿವರಣೆ ಇಂಗ್ಲಿಷಿನಲ್ಲಿರಲಿ, ಆಗ ಹೆಚ್ಚು ಜನರಿಗೆ ಸಿಗುತ್ತದೆ ಅಂತ. ಅರ್ಧ ಒಪ್ಪುತ್ತೇನೆ, ಅದಕ್ಕೇ ಒಂದು ಸಾಲಿನಲ್ಲಿ ಇಂಗ್ಲಿಷ್ ಪದಗಳೂ ಇವೆ. ಆದರೆ ಪೂರ್ತಿ ಇಂಗ್ಲಿಷ್ ಮಾಡಿದರೆ ಎರಡು ಕಡೆಯೂ ನಷ್ಟ. ಇಂಗ್ಲಿಷ್ ಓದಿ ಬಂದವರಿಗೆ ಒಳಗೆ ಕನ್ನಡ ಕೇಳಿ ಅರ್ಥ ಆಗುವುದಿಲ್ಲ, ಹತ್ತು ಸೆಕೆಂಡಿಗೆ ಹೊರಟುಹೋಗುತ್ತಾರೆ. ಕನ್ನಡದಲ್ಲಿ ಹುಡುಕುವ ಅಜ್ಜಿಗೆ ಸಿಗುವುದೇ ಇಲ್ಲ. ಯಾವ ಭಾಷೆಯವರಿಗೆ ವಿಡಿಯೋ ಅರ್ಥ ಆಗುತ್ತದೋ ವಿವರಣೆಯೂ ಅವರ ಭಾಷೆಯಲ್ಲೇ ಇರಬೇಕು. ಅದರಲ್ಲೂ ಅವರು ಮನೆಯಲ್ಲಿ ಆಡುವ ಪದ ಬೇಕು. ಮೊದಲು ನಾನು ಹೆಪ್ಪು ಅನ್ನುವುದಕ್ಕೆ ನಿಘಂಟು ನೋಡಿ ದೊಡ್ಡ ಸಂಸ್ಕೃತ ಪದ ಹಾಕೋಣ ಅಂತ ಹೊರಟಿದ್ದೆ. ಅದನ್ನು ಹುಡುಕುವವರು ಯಾರು?

ಬರೆದ ವಿವರಣೆ ಕೆಲಸ ಮಾಡುತ್ತದಾ ಅಂತ ತಿಳಿಯುವುದು ಸುಲಭ. ನಿಮ್ಮ ಫೋನಿನಲ್ಲಿ ಹುಡುಕಬೇಡಿ. ನೀವು ಅದನ್ನು ನೂರು ಸಲ ನೋಡಿರುವುದರಿಂದ ನಿಮಗೆ ಮೇಲೇ ಬರಬಹುದು. ಇನ್ನೊಬ್ಬರ ಫೋನು ತೆಗೆದುಕೊಳ್ಳಿ. ವಿಡಿಯೋ ಹೆಸರು ಗೊತ್ತಿಲ್ಲದವರಿಗೆ ವಿಷಯ ಮಾತ್ರ ಹೇಳಿ, ಅವರು ಏನು ಹೊಡೆಯುತ್ತಾರೆ ಅಂತ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಹಾಕಿದ ತಕ್ಷಣ ಸಿಗದಿದ್ದರೆ ಗಾಬರಿ ಬೇಡ, ಒಂದೆರಡು ದಿನ ಬಿಟ್ಟು ಮತ್ತೆ ನೋಡಿ. ಸಿಕ್ಕ ಮೇಲೆ ಮೊದಲ ಎರಡು ಸಾಲು ಮಾತ್ರ ಓದಿಸಿ, ವಿಡಿಯೋ ತೋರಿಸದೆ, "ಇದರಲ್ಲಿ ಏನು ಗೊತ್ತಾಯಿತು?" ಅಂತ ಕೇಳಿ. ಅವರು ಹೇಳುವ ಉತ್ತರವೂ ನಿಮ್ಮ ಪ್ರಯೋಗ ತೋರಿಸಿದ್ದೂ ಒಂದೇ ಆಗಿದ್ದರೆ ಸರಿ. ಬೇರೆ ಆಗಿದ್ದರೆ ಸಾಲು ತಿದ್ದಿ. ನನ್ನ ಮೊದಲ ವಿವರಣೆಗೆ ಈ ಪರೀಕ್ಷೆ ಮಾಡಿದ್ದರೆ "ಬ್ಯಾಕ್ಟೀರಿಯಾ ಸಾಯುತ್ತದೆ" ಅನ್ನುವುದು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಒಂದು ವಿಷಯ ಮಾತ್ರ ಸತ್ಯವಾಗಿ ಹೇಳಬೇಕು. ಇಷ್ಟೆಲ್ಲ ಮಾಡಿದರೂ ಬರೀ "ಮೊಸರು" ಅಂತ ಹುಡುಕಿದರೆ ನನ್ನದು ಮೇಲೆ ಬರುವುದಿಲ್ಲ. ಮೊಸರಿನ ವಿಡಿಯೋ ಲೆಕ್ಕವಿಲ್ಲದಷ್ಟು ಇವೆ, ಅಡುಗೆಯವರ ಮುಂದೆ ನನ್ನದು ಯಾವ ಲೆಕ್ಕ? "ಚಳಿಗಾಲ ಮೊಸರು ಹೆಪ್ಪು ಪ್ರಯೋಗ" ಅಂದಾಗ ಸಿಗುತ್ತದೆ. ನನಗೆ ಅಷ್ಟು ಸಾಕು. ವಿವರಣೆ ಬರೆಯುವುದು ಎಲ್ಲರನ್ನೂ ಕರೆಯುವುದಕ್ಕಲ್ಲ. ಇದನ್ನೇ ಹುಡುಕುತ್ತಿರುವ ಟೀಚರ್, ಕ್ಲಾಸಿನವರು, ಇದೇ ಪ್ರಯೋಗ ಮಾಡಲು ಹೊರಟ ಇನ್ನೊಬ್ಬರು ದಾರಿ ತಪ್ಪದೆ ಬರಲಿ ಅಂತ.

ಹಾಗಾಗಿ ನಮ್ಮ ಕನ್ನಡ ಶಾಲೆಯ ಟೀಚರ್‌ಗಳಿಗೆ ನನ್ನದು ಒಂದು ಕೋರಿಕೆ. ಮುಂದಿನ ಫೆಬ್ರವರಿಗೆ ವಿಡಿಯೋಗಿಂತ ಒಂದು ವಾರ ಮೊದಲು ವಿವರಣೆಯನ್ನು ಕಾಗದದ ಮೇಲೆ ತರಿಸಿಕೊಳ್ಳಿ. ಕ್ಲಾಸಿನಲ್ಲಿ ಪಕ್ಕದವರ ಜೊತೆ ಬದಲಾಯಿಸಿಕೊಂಡು ಓದೋಣ. ಪ್ರಶ್ನೆ ಇದೆಯಾ, ಉತ್ತರ ಇದೆಯಾ, ಉತ್ತರ ನಿಜವಾ, ಮುಖ್ಯ ಪದ ಪ್ರತ್ಯಯ ಇಲ್ಲದೆ ಇದೆಯಾ, ಮಿತಿ ಬರೆದಿದ್ದಾರಾ, ಇಷ್ಟು ನೋಡೋಣ. ಹತ್ತರಲ್ಲಿ ಎರಡು ಅಂಕ ಇದಕ್ಕೆ ಇಡಿ. ಅರ್ಧ ಗಂಟೆಯ ಕೆಲಸ. ಎರಡು ಸಾಲಿನಲ್ಲಿ ಉತ್ತರ ಬರೆಯಲು ಆಗದಿದ್ದರೆ ಪ್ರಯೋಗವೇ ನಮಗೆ ಸರಿಯಾಗಿ ಅರ್ಥವಾಗಿಲ್ಲ ಅಂತ ಶೂಟಿಂಗಿಗೆ ಮುಂಚೆಯೇ ಗೊತ್ತಾಗುತ್ತದೆ. ಆಗ ತಿದ್ದಲು ಸಮಯ ಇರುತ್ತದೆ.

ಆ ಏಳನೇ ಕ್ಲಾಸಿನ ಹುಡುಗನಿಗೆ ಸಾರಿ ಹೇಳಿದೆ. ಅವನು ಪೋಸ್ಟರ್ ತಿದ್ದಿ, ಈ ಸಲ ಫ್ರಿಜ್ಜಿನ ಬಟ್ಟಲಿನ ಫೋಟೋ ಹಾಕಿದ. ಅಜ್ಜಿಗೂ ವಿಡಿಯೋ ಸಿಕ್ಕಿತು, ಅವರೇ ಹುಡುಕಿಕೊಂಡರು. ಪೂರ್ತಿ ನೋಡಿ ಫೋನ್ ಮಾಡಿದರು. "ಹಾಲು ಉಗುರು ಬೆಚ್ಚಗಿರಬೇಕು, ಪಾತ್ರೆ ಬೆಚ್ಚಗೆ ಮುಚ್ಚಿಡಬೇಕು ಅಂತ ನಿಮ್ಮಮ್ಮಂಗೆ ನಾನು ಎಷ್ಟು ವರ್ಷದಿಂದ ಹೇಳ್ತಿದೀನಿ, ಅದಕ್ಕೆ ಪಿಎಚ್ ಪಟ್ಟಿ ಬೇಕಾಯ್ತಾ?" ಅಂದರು. ಬೇಕಾಯ್ತು ಅಜ್ಜಿ. ಆದರೆ ಈಗ ಅದನ್ನು ಬರೆದೂ ಇಟ್ಟಿದ್ದೇನೆ.